ರಿಮೋಟ್ ಮೌಂಟ್: ದೂರದ ಸಂಗ್ರಹವನ್ನು ಎಸ್‌ಎಸ್‌ಎಚ್ ಮತ್ತು ವೆಬ್‌ಡ್ಯಾವ್ ಮೂಲಕ ಫೋಲ್ಡರ್ ಆಗಿ ಬಳಸುವುದು

ಬೇರೊಂದು ಊರಿನ ಅಥವಾ ದೇಶದ ಸರ್ವರ್‌ನಲ್ಲಿರುವ ಫೈಲುಗಳನ್ನು ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನೊಳಗೆ ಇರುವಂತೆ ಕಾಣಿಸುವ ವ್ಯವಸ್ಥೆಗೆ ರಿಮೋಟ್ ಮೌಂಟ್ ಎನ್ನುತ್ತಾರೆ. ಫೈಲುಗಳು ಸರ್ವರ್‌ನಲ್ಲಿಯೇ ಇರುತ್ತವೆ, ಮೊದಲೇ ಇಳಿದು ಬಂದಿರುವುದಿಲ್ಲ. ಬಳಕೆದಾರರು ಫೋಲ್ಡರನ್ನು ತೆರೆದಾಗ, ಫೈಲನ್ನು ಓದಿದಾಗ ಅಥವಾ ಉಳಿಸಿದಾಗ ಆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಜಾಲದ ಮೂಲಕ ಹೋಗಿ ಬರುತ್ತದೆ. ಅಂತರಜಾಲದ ಮೇಲೆ ಇದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ದಾರಿಗಳು ಎರಡು. ಒಂದು ಎಸ್‌ಎಸ್‌ಎಚ್ ಸಂಪರ್ಕದೊಳಗೆ ನಡೆಯುವ ಎಸ್‌ಎಫ್‌ಟಿಪಿ, ಇನ್ನೊಂದು ಎಚ್‌ಟಿಟಿಪಿಯ ಮೇಲೆ ಕಟ್ಟಿದ ವೆಬ್‌ಡ್ಯಾವ್. ಎರಡರಲ್ಲೂ ಸಂಪರ್ಕ ಕೂಡಿಸುವುದು ಸುಲಭ. ಆದರೆ ಸರ್ವರ್ ದೂರದಲ್ಲಿದ್ದಾಗ ಕೆಲವು ಕೆಲಸಗಳು ಬಲು ನಿಧಾನವಾಗುತ್ತವೆ, ಇಂಟರ್ನೆಟ್ ಪ್ಲಾನ್ ಎಷ್ಟು ವೇಗದ್ದಾದರೂ ಆ ನಿಧಾನ ಹೋಗುವುದಿಲ್ಲ. ಇದಕ್ಕೆ ಕಾರಣ ಬ್ಯಾಂಡ್‌ವಿಡ್ತ್ ಅಲ್ಲ, ಲೇಟೆನ್ಸಿ. ಅಂದರೆ ಒಂದು ಕೋರಿಕೆ ಸರ್ವರನ್ನು ಮುಟ್ಟಿ ಉತ್ತರದೊಂದಿಗೆ ಮರಳಲು ಹಿಡಿಯುವ ಸಮಯ.

## ಹಿನ್ನೆಲೆ

ಜಾಲದ ಮೇಲಿನ ಫೈಲುಗಳನ್ನು ಸ್ಥಳೀಯ ಫೈಲುಗಳಂತೆ ತೋರಿಸುವ ಪ್ರಯತ್ನ 1980ರ ದಶಕದಷ್ಟು ಹಳೆಯದು. ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಎನ್‌ಎಫ್‌ಎಸ್ ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತು. ಅಲ್ಲಿ ಉತ್ತರ ಬರಲು ಒಂದು ಮಿಲಿಸೆಕೆಂಡಿನ ಆಸುಪಾಸು ಸಾಕು. ಅದೇ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಎಎಫ್‌ಎಸ್ ಬೇರೆ ದಾರಿ ಹಿಡಿಯಿತು. ಫೈಲನ್ನು ತೆರೆದಾಗ ಅದನ್ನು ಸ್ಥಳೀಯ ಡಿಸ್ಕಿಗೆ ತಂದಿಟ್ಟುಕೊಂಡು, ಮುಚ್ಚಿದಾಗ ಬದಲಾವಣೆಯನ್ನು ಹಿಂದಕ್ಕೆ ಕಳುಹಿಸುವ ಕ್ರಮ ಅದರದು. ಬೇಕಾದಾಗ ಬೇಕಾದ ತುಣುಕನ್ನು ಮಾತ್ರ ತರಿಸುವುದು, ಇಡೀ ಫೈಲನ್ನು ತಂದಿಟ್ಟುಕೊಳ್ಳುವುದು ಎಂಬ ಈ ಎರಡು ಮಾರ್ಗಗಳು ಇಂದಿಗೂ ಉಳಿದಿವೆ. ಮೊದಲನೆಯದನ್ನು ಎಸ್‌ಎಫ್‌ಟಿಪಿ ಮೂಲಕ ಮೌಂಟ್ ಮಾಡುವ ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲೂ ಎರಡನೆಯದನ್ನು ವೆಬ್‌ಡ್ಯಾವ್‌ನ ಹಲವು ಕ್ಲೈಂಟುಗಳಲ್ಲೂ ಕಾಣಬಹುದು.

ಎಸ್‌ಎಸ್‌ಎಚ್ ಅನ್ನು 1995ರಲ್ಲಿ ಫಿನ್‌ಲೆಂಡಿನ ತಾತು ಇಲೊನೆನ್ ಬರೆದರು. ಪಾಸ್‌ವರ್ಡುಗಳು ಜಾಲದಲ್ಲಿ ಬಯಲಾಗಿ ಹರಿಯುವುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಅದರೊಳಗೆ ಫೈಲುಗಳ ಕೆಲಸಕ್ಕಾಗಿ ಬೆಳೆದ ಎಸ್‌ಎಫ್‌ಟಿಪಿ ಕರಡಿನ ಹಂತವನ್ನು ದಾಟಿ ಅಧಿಕೃತ ಆರ್‌ಎಫ್‌ಸಿ ಆಗಲಿಲ್ಲ. ಆದರೂ ಓಪನ್‌ಎಸ್‌ಎಸ್‌ಎಚ್ ಅಳವಡಿಸಿಕೊಂಡ ಅದರ 3ನೇ ಆವೃತ್ತಿಯೇ ರೂಢಿಯ ಮಾನದಂಡವಾಗಿ ನಿಂತಿದೆ. 2005ರಲ್ಲಿ ಲಿನಕ್ಸ್ ಕರ್ನಲ್ 2.6.14ಕ್ಕೆ ಫ್ಯೂಸ್ ಸೇರಿತು. ಕರ್ನಲ್ಲಿಗೆ ಕೈಹಾಕದೆ ಸಾಮಾನ್ಯ ಪ್ರೋಗ್ರಾಮೊಂದು ಕಡತ ವ್ಯವಸ್ಥೆಯಾಗಿ ಕೆಲಸ ಮಾಡಲು ಇದು ಅವಕಾಶ ಕೊಟ್ಟಿತು. ಫ್ಯೂಸ್‌ನ ಕರ್ತೃ ಮಿಕ್ಲೋಶ್ ಸೆರೆಡಿ ಅವರೇ ಎಸ್‌ಎಸ್‌ಎಚ್‌ಎಫ್‌ಎಸ್ ಅನ್ನೂ ಬರೆದರು.

ವೆಬ್‌ಡ್ಯಾವ್ ವೆಬ್‌ನ ಕಡೆಯಿಂದ ಬಂದದ್ದು. ವೆಬ್ ಪುಟಗಳನ್ನು ಓದುವಷ್ಟೇ ಸಹಜವಾಗಿ ತಿದ್ದಲೂ ಆಗಬೇಕೆಂಬ ಉದ್ದೇಶದಿಂದ 1999ರಲ್ಲಿ ಆರ್‌ಎಫ್‌ಸಿ 2518 ಆಗಿ ಪ್ರಕಟವಾಯಿತು. 2007ರಲ್ಲಿ ಆರ್‌ಎಫ್‌ಸಿ 4918 ಅದರ ಸ್ಥಾನಕ್ಕೆ ಬಂತು. ಇಂದು ನೆಕ್ಸ್ಟ್‌ಕ್ಲೌಡ್‌ನಂತಹ ಸಂಗ್ರಹ ಸೇವೆಗಳು ಇದನ್ನೇ ಹೊರಗಿನ ಬಾಗಿಲಾಗಿ ಇಟ್ಟುಕೊಂಡಿವೆ.

## ಜೋಡಿಸುವ ಕ್ರಮ

ಲಿನಕ್ಸ್‌ನಲ್ಲಿ ಎಸ್‌ಎಸ್‌ಎಚ್‌ಎಫ್‌ಎಸ್ ಬಳಸಲು ಸರ್ವರ್‌ನಲ್ಲಿ ಹೊಸದಾಗಿ ಏನನ್ನೂ ಅಳವಡಿಸಬೇಕಾಗಿಲ್ಲ. ಲಾಗಿನ್ ಆಗಲು ಎಸ್‌ಎಸ್‌ಎಚ್ ಇದ್ದರೆ ಸಾಮಾನ್ಯವಾಗಿ ಎಸ್‌ಎಫ್‌ಟಿಪಿಯೂ ಇರುತ್ತದೆ. ನಮ್ಮ ಕಡೆ ಒಂದು ಖಾಲಿ ಫೋಲ್ಡರ್ ಮಾಡಿ ಸರ್ವರಿನ ಫೋಲ್ಡರನ್ನು ಅದಕ್ಕೆ ಕೂಡಿಸಬೇಕು:

```
mkdir ~/dura
sshfs user@example.org:texts ~/dura \
  -o reconnect,ServerAliveInterval=15
fusermount3 -u ~/dura
```

ಕೊನೆಯ ಸಾಲು ಕೆಲಸ ಮುಗಿದ ಮೇಲೆ ಬಿಡಿಸುವುದಕ್ಕೆ. ಮ್ಯಾಕ್‌ನಲ್ಲಿ ಇದಕ್ಕೆ ಮ್ಯಾಕ್‌ಫ್ಯೂಸ್ ಬೇಕು, ವಿಂಡೋಸ್‌ನಲ್ಲಿ ವಿನ್‌ಎಫ್‌ಎಸ್‌ಪಿ ಜೊತೆಗೆ ಎಸ್‌ಎಸ್‌ಎಚ್‌ಎಫ್‌ಎಸ್-ವಿನ್ ಬೇಕು.

ವೆಬ್‌ಡ್ಯಾವ್‌ಗಾದರೆ ಸರ್ವರ್‌ನಲ್ಲಿ ಆ ಸೇವೆ ನಡೆಯುತ್ತಿರಬೇಕು. ಮ್ಯಾಕ್‌ನ ಫೈಂಡರ್ ಮತ್ತು ಲಿನಕ್ಸ್‌ನ ಫೈಲ್ ಮ್ಯಾನೇಜರುಗಳು ವಿಳಾಸ ಕೊಟ್ಟರೆ ಸಾಕು, ನೇರವಾಗಿ ಕೂಡಿಸಿಕೊಳ್ಳುತ್ತವೆ. ಲಿನಕ್ಸ್ ಟರ್ಮಿನಲ್ಲಿನಲ್ಲಿ `davfs2` ಬಳಸುವ ಕ್ರಮ ಹೀಗೆ:

```
sudo mkdir -p /mnt/dav
sudo mount -t davfs https://example.org/dav/ /mnt/dav
```

ವಿಂಡೋಸ್‌ನ ವೆಬ್‌ಕ್ಲೈಂಟ್ ಸೇವೆಯೂ ಇದನ್ನು ಮಾಡುತ್ತದೆ. ಆದರೆ 2023ರಲ್ಲಿ ಮೈಕ್ರೋಸಾಫ್ಟ್ ಆ ಸೇವೆಯನ್ನು ಕೈಬಿಡಲಿರುವವುಗಳ ಪಟ್ಟಿಗೆ ಸೇರಿಸಿತು.

## ವಿಳಂಬದ ಮೂಲ

ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿ ಬರುವುದನ್ನು ಸೇರಿಸಿದರೆ ಪ್ರತಿ 100 ಕಿಲೋಮೀಟರ್ ದೂರಕ್ಕೆ 1 ಮಿಲಿಸೆಕೆಂಡ್ ಲೆಕ್ಕ. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ನೇರ ದೂರ ಸುಮಾರು 7,400 ಕಿಲೋಮೀಟರ್. ಆದ್ದರಿಂದ ಅಲ್ಲಿಯ ಸರ್ವರಿನಿಂದ 74 ಮಿಲಿಸೆಕೆಂಡಿಗಿಂತ ಬೇಗ ಉತ್ತರ ಬರುವುದು ಸಾಧ್ಯವೇ ಇಲ್ಲ. ಕೇಬಲುಗಳು ನೇರ ಗೆರೆಯಲ್ಲಿ ಹೋಗುವುದಿಲ್ಲ, ಸಮುದ್ರದ ತಳದಲ್ಲಿ ಸುತ್ತಿ ಬಳಸಿ ಸಾಗುತ್ತವೆ. ನಡುವಿನ ರೂಟರುಗಳೂ ತಮ್ಮ ಪಾಲಿನ ಸಮಯ ತೆಗೆದುಕೊಳ್ಳುತ್ತವೆ. ಹಾಗಾಗಿ ಇಂಥ ದೂರಕ್ಕೆ 150 ಮಿಲಿಸೆಕೆಂಡ್ ಎಂದು ಲೆಕ್ಕ ಹಿಡಿದರೆ ತಪ್ಪಾಗದು. ಹೆಚ್ಚು ಹಣ ಕೊಟ್ಟು ಬ್ಯಾಂಡ್‌ವಿಡ್ತ್ ಕೊಳ್ಳಬಹುದು, ವಿಳಂಬವನ್ನು ಹಾಗೆ ಇಳಿಸಲಾಗದು ಎಂಬುದನ್ನು ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಸ್ಟುವರ್ಟ್ ಚೆಷೈರ್ 1996ರಲ್ಲಿಯೇ ಒತ್ತಿ ಬರೆದಿದ್ದರು.

150 ಮಿಲಿಸೆಕೆಂಡ್ ಒಂದು ಸಲಕ್ಕಾದರೆ ಗಮನಕ್ಕೂ ಬಾರದು. ಪ್ರೋಗ್ರಾಮುಗಳು ಫೈಲುಗಳೊಂದಿಗೆ ವ್ಯವಹರಿಸುವ ರೀತಿಯಿಂದ ಅದು ದೊಡ್ಡದಾಗುತ್ತದೆ. ಫೈಲನ್ನು ತೆರೆ, ಗಾತ್ರ ಹೇಳು, ಈ ಭಾಗ ಓದು ಎಂಬ ಪ್ರತಿ ಕರೆಗೂ ಉತ್ತರ ಬರುವವರೆಗೆ ಪ್ರೋಗ್ರಾಮ್ ನಿಂತು ಕಾಯುತ್ತದೆ, ಉತ್ತರ ಸಿಕ್ಕ ಮೇಲೆಯೇ ಮುಂದಿನ ಕರೆ. ಸ್ಥಳೀಯ ಎಸ್‌ಎಸ್‌ಡಿಯಲ್ಲಿ ಇಂಥ ಕರೆ ಮಿಲಿಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯುವುದರಿಂದ ಸಾವಿರ ಕರೆಗಳಿಗೂ ಲೆಕ್ಕವಿಲ್ಲ. ಮೌಂಟ್ ಆದ ಫೋಲ್ಡರಿನಲ್ಲಿ ಅದೇ ಕರೆ ಸಾಗರ ದಾಟಿ ಬರಬೇಕು. ತನ್ನ ಕೆಳಗಿರುವುದು ಡಿಸ್ಕಲ್ಲ, ಜಾಲ ಎಂಬುದು ಪ್ರೋಗ್ರಾಮಿಗೆ ತಿಳಿಯುವುದಿಲ್ಲ, ಏಕೆಂದರೆ ಹಾಗೆ ತಿಳಿಯದಂತೆ ಮಾಡುವುದೇ ಮೌಂಟಿನ ಉದ್ದೇಶ. ಆದ್ದರಿಂದ ಇಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದು ಎಷ್ಟು ಬೈಟುಗಳು ಬಂದವು ಎನ್ನುವುದಕ್ಕಿಂತ ಹೆಚ್ಚಾಗಿ, ಒಂದರ ಹಿಂದೊಂದು ಎಷ್ಟು ಸುತ್ತು ಹೋಗಿ ಬರಬೇಕಾಯಿತು ಎನ್ನುವುದರ ಮೇಲೆ ನಿಂತಿದೆ.

## ಒಂದು ಲೆಕ್ಕ: 2,000 ಪಠ್ಯ ಫೈಲುಗಳಲ್ಲಿ ಹುಡುಕಾಟ

ಫ್ರಾಂಕ್‌ಫರ್ಟಿನ ಸರ್ವರೊಂದರಲ್ಲಿ 2,000 ಕನ್ನಡ ಪಠ್ಯ ಫೈಲುಗಳ ಸಂಗ್ರಹವಿದೆ ಎಂದಿಟ್ಟುಕೊಳ್ಳೋಣ. ಒಂದೊಂದೂ 10 ಕಿಲೋಬೈಟ್, ಒಟ್ಟು 20 ಮೆಗಾಬೈಟ್. ಬೆಂಗಳೂರಿನಲ್ಲಿ ಕುಳಿತು ಅದನ್ನು ಎಸ್‌ಎಸ್‌ಎಚ್‌ಎಫ್‌ಎಸ್ ಮೂಲಕ `~/dura`ಗೆ ಕೂಡಿಸಿದ್ದೇವೆ. ನಮ್ಮ ಸಂಪರ್ಕದ ವೇಗ ಸೆಕೆಂಡಿಗೆ 50 ಮೆಗಾಬಿಟ್, ಒಂದು ಸುತ್ತಿಗೆ 150 ಮಿಲಿಸೆಕೆಂಡ್.

ಮೊದಲು `ls -l` ಕೊಡುತ್ತೇವೆ. ಎಸ್‌ಎಫ್‌ಟಿಪಿಯ ಪಟ್ಟಿ ಕೋರಿಕೆಗೆ ಬರುವ ಉತ್ತರದಲ್ಲಿ ಹೆಸರುಗಳ ಜೊತೆಗೇ ಗಾತ್ರ, ದಿನಾಂಕ, ಅನುಮತಿಗಳೂ ಇರುತ್ತವೆ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಒಂದು ಉತ್ತರದಲ್ಲಿ 100 ಹೆಸರುಗಳವರೆಗೆ ಕಳುಹಿಸುತ್ತದೆ. 2,000 ಹೆಸರುಗಳಿಗೆ 20 ಉತ್ತರಗಳು ಸಾಕು. ಅವುಗಳನ್ನು ಒಂದೊಂದಾಗಿ ತರಿಸಿದರೂ 3 ಸೆಕೆಂಡು, ಎಸ್‌ಎಸ್‌ಎಚ್‌ಎಫ್‌ಎಸ್ ಹಲವು ಕೋರಿಕೆಗಳನ್ನು ಮುಂಚಿತವಾಗಿ ಕಳುಹಿಸುವುದರಿಂದ ಇನ್ನೂ ಬೇಗ. ಬಂದ ಪಟ್ಟಿಯನ್ನು ಅದು 20 ಸೆಕೆಂಡುಗಳ ಕಾಲ ನೆನಪಿನಲ್ಲಿಟ್ಟುಕೊಳ್ಳುವುದರಿಂದ ಎರಡನೇ ಸಲ `ls` ಕೊಟ್ಟರೆ ತಕ್ಷಣ ಉತ್ತರ. ಈ ಹಂತದಲ್ಲಿ ಮೌಂಟ್ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎನಿಸುತ್ತದೆ.

ಈಗ ‘ಕೆರೆ’ ಎಂಬ ಪದ ಯಾವ ಯಾವ ಫೈಲುಗಳಲ್ಲಿದೆ ಎಂದು `grep -rl` ಮೂಲಕ ಹುಡುಕುತ್ತೇವೆ. ಪ್ರತಿ ಫೈಲನ್ನು ತೆರೆಯಲು ಒಂದು ಸುತ್ತು, ಓದಲು ಒಂದು ಸುತ್ತು. `grep` ಒಂದು ಫೈಲು ಮುಗಿಯುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ. 2,000 ಫೈಲು, ತಲಾ 2 ಸುತ್ತು, ಸುತ್ತಿಗೆ 0.15 ಸೆಕೆಂಡ್: ಒಟ್ಟು 600 ಸೆಕೆಂಡು, ಅಂದರೆ 10 ನಿಮಿಷ. ಪಟ್ಟಿಯ ನೆನಪಿನ ಅವಧಿ ನಡುವೆಯೇ ಮುಗಿದು ಪ್ರತಿ ಫೈಲಿನ ವಿವರವನ್ನು ಮತ್ತೆ ಕೇಳಬೇಕಾಗಿ ಬಂದರೆ ಮೂರನೆಯ ಸುತ್ತು ಸೇರಿ ಅದು 15 ನಿಮಿಷದ ಹತ್ತಿರ ಹೋಗುತ್ತದೆ. ಅದೇ 20 ಮೆಗಾಬೈಟನ್ನು ಒಂದೇ ಹರಿವಾಗಿ ಕಳುಹಿಸಿದ್ದರೆ 50 ಮೆಗಾಬಿಟ್ ಸಂಪರ್ಕದಲ್ಲಿ 3 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕಿತ್ತು. ಸಂಪರ್ಕವನ್ನು 500 ಮೆಗಾಬಿಟ್‌ಗೆ ಏರಿಸಿದರೂ ಹುಡುಕಾಟದ 10 ನಿಮಿಷ 10 ನಿಮಿಷವಾಗಿಯೇ ಉಳಿಯುತ್ತದೆ. ಸರ್ವರ್ 25 ಮಿಲಿಸೆಕೆಂಡ್ ದೂರದಲ್ಲಿದ್ದರೆ ಮಾತ್ರ ಅದು 100 ಸೆಕೆಂಡಿಗೆ ಇಳಿಯುತ್ತದೆ, ಪಕ್ಕದ ಕೋಣೆಯಲ್ಲಿ 1 ಮಿಲಿಸೆಕೆಂಡ್ ದೂರದಲ್ಲಿದ್ದರೆ 4 ಸೆಕೆಂಡಿಗೆ.

ಈ ಲೆಕ್ಕದೊಳಗೇ ಪರಿಹಾರವೂ ಇದೆ. ಎಸ್‌ಎಫ್‌ಟಿಪಿಯ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಹಿಂದಿನದಕ್ಕೆ ಉತ್ತರ ಬರುವ ಮುನ್ನವೇ ಮುಂದಿನವುಗಳನ್ನು ಕಳುಹಿಸಬಹುದು. `sftp` ಆಜ್ಞೆ ಮಾಡುವುದು ಇದನ್ನೇ. ತಲಾ 32 ಕಿಲೋಬೈಟಿನ 64 ಕೋರಿಕೆಗಳನ್ನು ಅದು ಒಮ್ಮೆಗೇ ದಾರಿಯಲ್ಲಿಡುತ್ತದೆ. ಹಾಗಾಗಿ 2 ಮೆಗಾಬೈಟ್ ಸದಾ ಚಲನೆಯಲ್ಲಿದ್ದು, 150 ಮಿಲಿಸೆಕೆಂಡ್ ದೂರದಲ್ಲೂ ಸೆಕೆಂಡಿಗೆ ಸುಮಾರು 14 ಮೆಗಾಬೈಟ್ ಸಾಗಲು ಈ ವ್ಯವಸ್ಥೆಯಿಂದ ಅಡ್ಡಿಯಿಲ್ಲ. ದೊಡ್ಡ ಫೈಲೊಂದನ್ನು ನಕಲಿಸುವಾಗ ಸಿಗುವ ವೇಗ ಸಣ್ಣ ಫೈಲುಗಳ ರಾಶಿಯಲ್ಲಿ ಸಿಗದಿರುವುದು ಇದರಿಂದಲೇ. ಇಲ್ಲಿ ನಿಧಾನ ಮಾಡುತ್ತಿರುವುದು ಒಂದೊಂದಾಗಿ ಕೇಳುವ ಪ್ರೋಗ್ರಾಮಿನ ಕ್ರಮ. ಹುಡುಕಾಟವನ್ನು 16 ಪಾಲು ಮಾಡಿ ಏಕಕಾಲಕ್ಕೆ ನಡೆಸಿದರೆ 10 ನಿಮಿಷ ಸುಮಾರು 40 ಸೆಕೆಂಡಿಗೆ ಬರಬಹುದು:

```
find ~/dura -type f -print0 |
  xargs -0 -n 20 -P 16 grep -l 'ಕೆರೆ'
```

ಇದಕ್ಕಿಂತ ಒಳ್ಳೆಯ ದಾರಿ ಹುಡುಕಾಟವನ್ನು ಫೈಲುಗಳಿರುವಲ್ಲಿಗೇ ಕಳುಹಿಸುವುದು. ಆಗ ಸಾವಿರಾರು ಕರೆಗಳೂ ಸರ್ವರಿನ ಡಿಸ್ಕಿನ ಮೇಲೆ ನಡೆದು, ಸಾಗರ ದಾಟುವುದು ಆಜ್ಞೆ ಮತ್ತು ಫಲಿತಾಂಶ ಮಾತ್ರ:

```
ssh user@example.org "grep -rl 'ಕೆರೆ' texts"
```

ಸಂಪರ್ಕ ಕೂಡಿಕೊಳ್ಳುವ ಕೆಲವು ಸುತ್ತುಗಳನ್ನು ಸೇರಿಸಿದರೂ ಇದು ಕೆಲವೇ ಸೆಕೆಂಡುಗಳ ಕೆಲಸ.

## ವೆಬ್‌ಡ್ಯಾವ್‌ನ ಭಿನ್ನ ಸ್ವಭಾವ

ವೆಬ್‌ಡ್ಯಾವ್‌ನಲ್ಲಿ ಫೋಲ್ಡರಿನ ಪಟ್ಟಿ ಅಗ್ಗ. `Depth: 1` ಎಂಬ ಸೂಚನೆಯೊಂದಿಗೆ ಒಂದು `PROPFIND` ಕಳುಹಿಸಿದರೆ ಒಳಗಿರುವ ಎಲ್ಲದರ ಹೆಸರು ಮತ್ತು ವಿವರ ಒಂದೇ ಉತ್ತರದಲ್ಲಿ ಬರುತ್ತವೆ. ಒಳಗಿನ ಫೋಲ್ಡರುಗಳನ್ನೂ ಒಟ್ಟಿಗೆ ಕೇಳುವ `Depth: infinity` ಕೂಡ ಇದೆ. ಆದರೆ ಅದನ್ನು ನಿರಾಕರಿಸಲು ಸರ್ವರುಗಳಿಗೆ ಅನುಮತಿಯಿರುವುದರಿಂದ ಆಳವಾದ ಫೋಲ್ಡರ್ ಮರವನ್ನು ಒಂದೊಂದೇ ಸುತ್ತಿನಲ್ಲಿ ಇಳಿಯಬೇಕಾಗುತ್ತದೆ.

ದುಬಾರಿಯಾಗುವುದು ಬರೆಯುವ ಕೆಲಸ. ಎಸ್‌ಎಫ್‌ಟಿಪಿಯಲ್ಲಿ ಫೈಲಿನ ನಡುವಿನ ತುಣುಕನ್ನಷ್ಟೇ ಬದಲಾಯಿಸಬಹುದು. ವೆಬ್‌ಡ್ಯಾವ್‌ನ `PUT` ಇಡೀ ಫೈಲನ್ನೇ ಬದಲಿಸುತ್ತದೆ, ಒಂದು ತುಣುಕನ್ನು ಬರೆಯುವ ದಾರಿ ಅದರ ಮಾನದಂಡದಲ್ಲಿಲ್ಲ. 200 ಮೆಗಾಬೈಟಿನ ಫೈಲಿನಲ್ಲಿ ಒಂದು ಅಕ್ಷರ ತಿದ್ದಿ ಉಳಿಸಿದರೂ 200 ಮೆಗಾಬೈಟ್ ಮೇಲೇರಬೇಕು. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಇರುವಲ್ಲಿ ಅದಕ್ಕೆ 160 ಸೆಕೆಂಡು. ಜೊತೆಗೆ ಬರೆಯುವ ಮುನ್ನ `LOCK`, ಬರೆದ ಮೇಲೆ `UNLOCK`, ನಡುವೆ ವಿವರ ವಿಚಾರಿಸುವ ಕೋರಿಕೆಗಳು ಎಂದು ಕ್ಲೈಂಟುಗಳು ಇನ್ನಷ್ಟು ಸುತ್ತುಗಳನ್ನು ಸೇರಿಸುತ್ತವೆ. ಮ್ಯಾಕ್‌ನ ಫೈಂಡರ್ ಹೆಚ್ಚಿನ ವಿವರಗಳನ್ನಿಡಲು `._` ಎಂದು ಆರಂಭವಾಗುವ ಜೊತೆ ಫೈಲುಗಳನ್ನು ಬರೆಯುವುದರಿಂದ ಸಣ್ಣ ಫೈಲುಗಳ ಫೋಲ್ಡರನ್ನು ನಕಲಿಸುವಾಗ ಕೆಲಸ ಇನ್ನೂ ಬೆಳೆಯುತ್ತದೆ.

ಪ್ರತಿ ಹೊಸ ಎಚ್‌ಟಿಟಿಪಿಎಸ್ ಸಂಪರ್ಕಕ್ಕೂ ಬೆಲೆಯಿದೆ. ಟಿಸಿಪಿಗೆ ಒಂದು ಸುತ್ತು, ಟಿಎಲ್‌ಎಸ್ 1.3ಕ್ಕೆ ಒಂದು, ಹಳೆಯ 1.2 ಆದರೆ ಎರಡು. ತೆರೆದ ಸಂಪರ್ಕವನ್ನೇ ಮರುಬಳಸುವ ಕ್ಲೈಂಟಿನಲ್ಲಿ ಇದು ಒಮ್ಮೆ ತೆತ್ತು ಮುಗಿಯುವ ಸುಂಕ. ಪ್ರತಿ ಸಲವೂ ಹೊಸದಾಗಿ ಕೂಡಿಕೊಳ್ಳುವ ಕ್ಲೈಂಟಿನಲ್ಲಿ 150 ಮಿಲಿಸೆಕೆಂಡಿನ ದೂರಕ್ಕೆ ಪ್ರತಿ ಕೋರಿಕೆಯ ಮೇಲೂ 300ರಿಂದ 450 ಮಿಲಿಸೆಕೆಂಡ್ ಹೆಚ್ಚುತ್ತದೆ.

`davfs2` ಈ ಕಷ್ಟವನ್ನು ಎಎಫ್‌ಎಸ್‌ನ ಹಳೆಯ ಮಾರ್ಗದಿಂದ ಎದುರಿಸುತ್ತದೆ. ತೆರೆದಾಗ ಇಡೀ ಫೈಲನ್ನು ತಂದು ಸ್ಥಳೀಯವಾಗಿ ಇಡುತ್ತದೆ, ಮುಚ್ಚಿದ ಮೇಲೆ ಸ್ವಲ್ಪ ತಡೆದು ಮೇಲೇರಿಸುತ್ತದೆ. ಆದ್ದರಿಂದ ಉಳಿಸು ಎಂದ ಕೂಡಲೇ ಕೆಲಸ ಆದಂತೆ ಕಾಣುತ್ತದೆ. ಆದರೆ ಆ ಕ್ಷಣದಲ್ಲಿ ಹೊಸ ಪ್ರತಿ ಸರ್ವರಿನಲ್ಲಿ ಇರುವುದಿಲ್ಲ. ಮೇಲೇರುವುದು ವಿಫಲವಾದರೆ ಬಳಕೆದಾರರ ಪ್ರತಿ `lost+found` ಫೋಲ್ಡರಿಗೆ ಹೋಗುತ್ತದೆ. ಕೆಲಸ ಮುಗಿದ ಮೇಲೆ `umount` ಕೊಟ್ಟು ಅದು ಪೂರ್ತಿಯಾಗುವ ತನಕ ಕಾಯಬೇಕು. ಹಾಗೆ ಮಾಡದೆ ಲ್ಯಾಪ್‌ಟಾಪ್ ಮುಚ್ಚಿದರೆ ಕೊನೆಯ ತಿದ್ದುಪಡಿ ಸರ್ವರನ್ನು ತಲುಪದೆ ಉಳಿಯಬಹುದು.

ವಿಂಡೋಸ್‌ನ ವೆಬ್‌ಕ್ಲೈಂಟ್‌ನಲ್ಲಿ ಇನ್ನೊಂದು ಮಿತಿಯಿದೆ. ಅದು ಮೂಲ ಹೊಂದಿಕೆಯಲ್ಲಿ 5 ಕೋಟಿ ಬೈಟಿಗಿಂತ ದೊಡ್ಡ ಫೈಲುಗಳನ್ನು ಇಳಿಸಿಕೊಳ್ಳುವುದಿಲ್ಲ. `0x800700DF` ಎಂಬ ದೋಷ ಕಂಡರೆ ಕಾರಣ ಈ ಮಿತಿ. ರಿಜಿಸ್ಟ್ರಿಯ `FileSizeLimitInBytes` ಮೌಲ್ಯವನ್ನು ಏರಿಸಿದರೆ ಸರಿಹೋಗುತ್ತದೆ.

## ತೊಂದರೆಯನ್ನು ಗುರುತಿಸುವುದು

ವಿಳಂಬದಿಂದ ಬಳಲುತ್ತಿರುವ ಮೌಂಟಿನ ಲಕ್ಷಣ ಸ್ಪಷ್ಟವಾಗಿರುತ್ತದೆ: ಪ್ರೊಸೆಸರ್ ಬಿಡುವಾಗಿರುತ್ತದೆ, ಜಾಲದ ಗ್ರಾಫ್ ಬಹುತೇಕ ನೆಲಕ್ಕಂಟಿರುತ್ತದೆ, ಆದರೂ ಕೆಲಸ ಮುಗಿಯುವುದಿಲ್ಲ. ಮೇಲಿನ ಹುಡುಕಾಟದಲ್ಲಿ 20 ಮೆಗಾಬೈಟ್ 600 ಸೆಕೆಂಡುಗಳಲ್ಲಿ ಹರಡಿಹೋಗುವುದರಿಂದ ಸೆಕೆಂಡಿಗೆ ಬರುವುದು ಸುಮಾರು 33 ಕಿಲೋಬೈಟ್ ಅಷ್ಟೇ. ಜಾಲದ ಗ್ರಾಫ್ ಮೇಲ್ಮಿತಿ ಮುಟ್ಟಿ ನಿಂತಿದ್ದರೆ ಮಾತ್ರ ತೊಂದರೆ ಬ್ಯಾಂಡ್‌ವಿಡ್ತ್‌ನದು. `ping` ಒಂದು ಸುತ್ತಿನ ಸಮಯ ಹೇಳುತ್ತದೆ. `strace -f -T` ಪ್ರತಿ ಕರೆಗೆ ಹಿಡಿದ ಸಮಯ ತೋರಿಸುತ್ತದೆ. ಎರಡನೆಯದು ಮೊದಲನೆಯದಕ್ಕೆ ಸಮೀಪವಿದ್ದರೆ ಪ್ರತಿ ಕರೆಯೂ ಜಾಲ ದಾಟುತ್ತಿದೆ ಎಂದು ಖಚಿತ.

ದೂರದ ಸರ್ವರ್ ಬಾಡಿಗೆಗೆ ಪಡೆಯುವ ಮೊದಲೇ ಅದರ ಅನುಭವವನ್ನು ನಮ್ಮ ಲಿನಕ್ಸ್ ಯಂತ್ರದಲ್ಲಿ ಪಡೆಯಬಹುದು. ಯಂತ್ರ ತನ್ನೊಂದಿಗೇ ಮಾತಾಡುವ `lo` ಜಾಲಕ್ಕೆ 75 ಮಿಲಿಸೆಕೆಂಡ್ ಸೇರಿಸಿದರೆ ಹೋಗಲು 75, ಬರಲು 75, ಒಟ್ಟು 150 ಆಗುತ್ತದೆ. ಬಳಿಕ `localhost` ಅನ್ನೇ ಮೌಂಟ್ ಮಾಡಿ ನಿತ್ಯದ ಕೆಲಸ ಮಾಡಿ ನೋಡಬೇಕು:

```
sudo tc qdisc add dev lo root netem delay 75ms
sudo tc qdisc del dev lo root
```

ಎರಡನೆಯ ಸಾಲು ಪರೀಕ್ಷೆಯ ನಂತರ ಮೊದಲಿನಂತೆ ಮಾಡಲು.

ಹಲವು ವೇಳೆ ಸುತ್ತುಗಳನ್ನು ಹುಟ್ಟಿಸುವುದು ಬಳಕೆದಾರರು ಕೇಳದೆಯೇ ನಡೆಯುವ ಕೆಲಸಗಳು. ಫೈಲ್ ಮ್ಯಾನೇಜರ್ ಪ್ರತಿ ಚಿತ್ರವನ್ನೂ ತೆರೆದು ಕಿರುಚಿತ್ರ ಮಾಡುತ್ತದೆ, ಹುಡುಕಾಟದ ಸೂಚಿ ಕಟ್ಟುವ ಸೇವೆ ಫೋಲ್ಡರಿನ ಒಳಹೊಗುತ್ತದೆ, ಎಡಿಟರ್ ಇಡೀ ಪ್ರಾಜೆಕ್ಟನ್ನು ಓದುತ್ತದೆ. ಮೌಂಟ್ ಆದ ಫೋಲ್ಡರುಗಳಿಗೆ ಇವನ್ನು ನಿಲ್ಲಿಸುವುದರಿಂದಲೇ ಎಷ್ಟೋ ಹಗುರವಾಗುತ್ತದೆ.

ಸಂಪರ್ಕ ಕಡಿದಾಗ ತೊಂದರೆ ಬೇರೆ ರೂಪ ತಾಳುತ್ತದೆ. ಉತ್ತರಕ್ಕಾಗಿ ನಿಂತ ಪ್ರೋಗ್ರಾಮ್ ಅಲುಗದೆ ನಿಲ್ಲುತ್ತದೆ, `df` ಕೂಡ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಮೇಲೆ ಕೊಟ್ಟ `ServerAliveInterval=15` ಇದ್ದರೆ, ಮೂರು ವಿಚಾರಣೆಗಳಿಗೆ ಉತ್ತರ ಬಾರದಾಗ, ಅಂದರೆ ಸುಮಾರು 45 ಸೆಕೆಂಡಿನಲ್ಲಿ, ಎಸ್‌ಎಸ್‌ಎಚ್ ಸಂಪರ್ಕ ಸತ್ತಿದೆಯೆಂದು ತೀರ್ಮಾನಿಸುತ್ತದೆ ಮತ್ತು `reconnect` ಮತ್ತೆ ಕೂಡಿಸಲು ನೋಡುತ್ತದೆ. `Transport endpoint is not connected` ಎಂಬ ಸಂದೇಶ ಬಂದರೆ ಎಸ್‌ಎಸ್‌ಎಚ್‌ಎಫ್‌ಎಸ್ ಪ್ರೋಗ್ರಾಮೇ ನಿಂತುಹೋಗಿದೆ ಎಂದರ್ಥ. `fusermount3 -uz` ಕೊಟ್ಟು ಬಿಡಿಸಿ ಮತ್ತೆ ಕೂಡಿಸಬೇಕು.

## ನೆನಪಿನಲ್ಲಿಡುವುದರ ಲಾಭ ಮತ್ತು ಅಪಾಯ

ವಿಳಂಬವನ್ನು ಮರೆಮಾಡಲು ಹೆಚ್ಚಿನ ಕ್ಲೈಂಟುಗಳು ಕ್ಯಾಶ್ ಬಳಸುತ್ತವೆ. ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲಿ `dcache_timeout` ಅವಧಿಯನ್ನು 20 ಸೆಕೆಂಡಿನಿಂದ ಏರಿಸಿದರೆ ಪಟ್ಟಿ ಮತ್ತು ವಿವರಗಳಿಗಾಗಿ ಆಗುವ ಸುತ್ತುಗಳು ಕಡಿಮೆಯಾಗುತ್ತವೆ. ಆದರೆ ಆ ಅವಧಿಯಲ್ಲಿ ಬೇರೆಯವರು ಸರ್ವರಿನಲ್ಲಿ ಸೇರಿಸಿದ ಅಥವಾ ಅಳಿಸಿದ ಫೈಲು ನಮಗೆ ಗೊತ್ತಾಗದೆ ಇರಬಹುದು. ಒಬ್ಬರೇ ಬಳಸುವ ಸಂಗ್ರಹಕ್ಕೆ ದೀರ್ಘ ಅವಧಿ ಸಲ್ಲುತ್ತದೆ, ಹಲವರು ಬರೆಯುವ ಸಂಗ್ರಹಕ್ಕೆ ಸಲ್ಲದು. ಆರ್‌ಕ್ಲೋನ್ ಎಂಬ ಸಾಧನ ಎಸ್‌ಎಫ್‌ಟಿಪಿ ಮತ್ತು ವೆಬ್‌ಡ್ಯಾವ್ ಎರಡನ್ನೂ ಮೌಂಟ್ ಮಾಡಬಲ್ಲದು. ಅದರ `--vfs-cache-mode full` ಆಯ್ಕೆ ಓದಿದ ಮತ್ತು ಬರೆದ ಭಾಗಗಳನ್ನು ಸ್ಥಳೀಯ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ.

ಕ್ಯಾಶ್‌ನಿಂದ ನೀಗದ ಮಿತಿಗಳೂ ಇವೆ. ಎಸ್‌ಎಸ್‌ಎಚ್‌ಎಫ್‌ಎಸ್‌ನಲ್ಲಿ ಫೈಲಿಗೆ ಹಾಕಿದ ಬೀಗ ಸರ್ವರನ್ನು ತಲುಪುವುದಿಲ್ಲ. ಎರಡು ಕಂಪ್ಯೂಟರುಗಳಿಂದ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸನ್ನು ಇಂಥ ಫೋಲ್ಡರಿನಲ್ಲಿ ತೆರೆದರೆ ಅದು ಕೆಡುವ ಅಪಾಯ ನಿಜವಾದದ್ದು. ಸರ್ವರಿನ ಕಡೆ ಫೈಲು ಬದಲಾದಾಗ ಸುದ್ದಿ ಕೊಡುವ ವ್ಯವಸ್ಥೆಯೂ ಮೌಂಟಿನ ಮೂಲಕ ಕೆಲಸ ಮಾಡುವುದಿಲ್ಲ.

## ಯಾವ ಕೆಲಸಕ್ಕೆ ಯಾವುದು

ಕೆಲವೇ ಫೈಲುಗಳನ್ನು ತೆರೆದು ನೋಡುವುದು, ಒಂದು ಕಾನ್ಫಿಗರೇಶನ್ ಫೈಲನ್ನು ತಿದ್ದುವುದು, ಆರಂಭದಿಂದ ಕೊನೆಯವರೆಗೆ ಸಾಗುವ ಹಾಡು ಅಥವಾ ವಿಡಿಯೊ ನುಡಿಸುವುದು ಮುಂತಾದ ಕಡಿಮೆ ಸುತ್ತುಗಳ ಕೆಲಸಕ್ಕೆ ಮೌಂಟ್ ತಕ್ಕದ್ದು. ಸಣ್ಣ ಫೈಲುಗಳ ರಾಶಿಯೊಂದಿಗೆ ದಿನವಿಡೀ ಕೆಲಸವಿದ್ದರೆ `rsync` ಅಥವಾ ಸಿಂಕ್‌ಥಿಂಗ್ ಮೂಲಕ ಪ್ರತಿ ಇಟ್ಟುಕೊಂಡು ಬದಲಾವಣೆಗಳನ್ನಷ್ಟೇ ರವಾನಿಸುವುದು ಲೇಸು. ಸಂಗ್ರಹ ನಮ್ಮ ಡಿಸ್ಕಿಗೆ ಹಿಡಿಸದಷ್ಟು ದೊಡ್ಡದಾಗಿದ್ದರೆ ಪ್ರೋಗ್ರಾಮನ್ನೇ ಸರ್ವರಿನಲ್ಲಿ ಓಡಿಸಬೇಕು. ಆಯ್ಕೆಗೆ ಮುನ್ನ ಮಾಡಬೇಕಾದ ಲೆಕ್ಕ ಚಿಕ್ಕದು: ಫೈಲುಗಳ ಸಂಖ್ಯೆ, ಪ್ರತಿ ಫೈಲಿಗೆ ಆಗುವ ಸುತ್ತು, `ping` ತೋರಿಸಿದ ಸಮಯ, ಈ ಮೂರನ್ನು ಗುಣಿಸಬೇಕು. ಬಂದ ಉತ್ತರ ಸೆಕೆಂಡುಗಳಲ್ಲಿದ್ದರೆ ಮೌಂಟ್ ಸಾಕು, ನಿಮಿಷಗಳಲ್ಲಿದ್ದರೆ ಬೇರೆ ದಾರಿ ಹಿಡಿಯಬೇಕು.